ದೋರು ಕಣಿವೆಯಲ್ಲಿ ದ್ರಾಕ್ಷಿ ತುಳಿದ ರಾತ್ರಿ

ಪೋರ್ಚುಗಲ್ ದೇಶದ ಉತ್ತರ ಭಾಗದಲ್ಲಿ ದೋರು ಅಂತ ಒಂದು ನದಿ. ಅದರ ಎರಡೂ ಬದಿಯ ಗುಡ್ಡಗಳಲ್ಲಿ ಬೆಳೆಯುವ ದ್ರಾಕ್ಷಿಯಿಂದಲೇ ಪೋರ್ಟ್ ವೈನ್ ಆಗುವುದು. ನನ್ನ ಮಗಳನ್ನು ಕೊಟ್ಟಿರುವುದು ಆ ಕಣಿವೆಗೆ. ಪಿನ್ಯಾಂವ್ ಅನ್ನುವ ಊರಿಂದ ಗುಡ್ಡ ಹತ್ತಿದರೆ ಬೀಗರ ತೋಟ ಸಿಗುತ್ತದೆ. ದೊಡ್ಡ ಕಂಪನಿಯಲ್ಲ, ಮನೆಮಂದಿಯೇ ದುಡಿಯುವ ಸಣ್ಣ ತೋಟ. ಹಣ್ಣು ಕೊಯ್ಯುವುದೂ ಅವರೇ, ತುಳಿದು ರಸ ತೆಗೆಯುವುದೂ ಅವರೇ.

ನಾವು ವಿಜಯಪುರ ಜಿಲ್ಲೆಯವರು. ನಮ್ಮದೂ ದ್ರಾಕ್ಷಿಯೇ, ಆದರೆ ಒಣದ್ರಾಕ್ಷಿಗೆ. ಥಾಮ್ಸನ್ ಸೀಡ್‌ಲೆಸ್ ಬೆಳೆದು, ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡಿ ಒಣಗಿಸುತ್ತೇವೆ. ಮದುವೆಯಾಗಿ ಬಂದಾಗಿನಿಂದ ನನ್ನ ಕೈ ಗೊನೆ ಬಿಟ್ಟಿಲ್ಲ. ಹಾಗಾಗಿ ಕಟಾವಿನ ಹೊತ್ತಿಗೇ ಬಾ ಅಂತ ಮಗಳು ಕರೆದಾಗ ಕೂಡಲೇ ಒಪ್ಪಿದೆ. ಅಲ್ಲಿ ಕಟಾವು ಮುಗಿಯುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ನಮ್ಮಲ್ಲಿ ಅದೇ ಹೊತ್ತಿಗೆ ಬಳ್ಳಿ ಕತ್ತರಿಸುವ ಚಾಟನಿ ಶುರುವಾಗುತ್ತದೆ. ಅದಕ್ಕೇ ಯಜಮಾನರು ಬರಲಿಲ್ಲ, ನಾನೊಬ್ಬಳೇ ಹೋದೆ.

ಕಾಲಲ್ಲಿ ದ್ರಾಕ್ಷಿ ತುಳಿಯುವ ಚಿತ್ರವನ್ನು ಎಲ್ಲರೂ ಎಲ್ಲೋ ಒಂದು ಕಡೆ ನೋಡಿರುತ್ತೇವೆ. ಹಾಡು, ನಗು, ಕುಣಿತ. ಅದೂ ಇದೆ. ಆದರೆ ಅದಕ್ಕಿಂತ ಮೊದಲು ಮಾತಿಲ್ಲದೆ, ಹೆಗಲಿಗೆ ಹೆಗಲು ಕೊಟ್ಟು, ಲೆಕ್ಕ ಹಿಡಿದು ಕಾಲಿಡುವ ಎರಡು ಗಂಟೆ ಇದೆ. ವೈನ್ ಹೇಗಿರುತ್ತದೆ ಅನ್ನುವುದು ಬಹುಪಾಲು ಆ ಎರಡು ಗಂಟೆಯಲ್ಲೇ ತೀರ್ಮಾನವಾಗುತ್ತದೆ. ಅದನ್ನು ಕಾಲಿಂದಲೇ ಕಲಿತು ಬಂದೆ.

ಮೊದಲು ನೆಲದ ಬಗ್ಗೆ ಹೇಳಬೇಕು. ಅಲ್ಲಿ ಮಣ್ಣು ಅನ್ನುವುದೇ ಕಡಿಮೆ. ಹಾಳೆ ಹಾಳೆಯಾಗಿ ಸೀಳುವ ಶಿಸ್ಟ್ ಕಲ್ಲು. ಅದನ್ನು ಒಡೆದು, ಕಡಿದಾದ ಗುಡ್ಡಕ್ಕೆ ಕಲ್ಲಿನ ಒಡ್ಡು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಬಳ್ಳಿ ನೆಟ್ಟಿದ್ದಾರೆ. ಪೋರ್ಟ್ ಮಾಡುವ ದ್ರಾಕ್ಷಿ ಇಲ್ಲಿಂದಲೇ ಬರಬೇಕು ಅಂತ ಈ ಸೀಮೆಗೆ ಗಡಿ ಹಾಕಿದ್ದು 1756ರಲ್ಲಿ. 2001ರಲ್ಲಿ ಯುನೆಸ್ಕೊ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೀಗರ ತೋಟದ ಮೇಲಿನ ಒಡ್ಡುಗಳ ಬಳ್ಳಿಗಳು ಬೀಗರಿಗಿಂತ ಹಳೆಯವು. ನೀರು ಕೊಡುವುದಿಲ್ಲ. ಬೇರು ಕಲ್ಲಿನ ಸೀಳಿನಲ್ಲಿ ಇಳಿದು ತೇವ ಹುಡುಕಿಕೊಳ್ಳುತ್ತದೆ. ಬರಗಾಲದಲ್ಲಿ ಟ್ಯಾಂಕರ್ ತರಿಸಿ ಬಳ್ಳಿ ಉಳಿಸಿಕೊಂಡ ನನಗೆ ಅದನ್ನು ನಂಬುವುದೇ ಕಷ್ಟವಾಯಿತು. ಇಳುವರಿಯೂ ಹಾಗೇ ಇದೆ. ಒಂದು ಬಳ್ಳಿಗೆ ಒಂದೂವರೆ ಕೆಜಿ ಬಂದರೆ ಜಾಸ್ತಿ. ನಮ್ಮ ಚಪ್ಪರದಲ್ಲಿ ಒಂದು ಗಿಡ ಹತ್ತು ಹನ್ನೆರಡು ಕೆಜಿ ಕೊಡುತ್ತದೆ.

ಆ ಹಳೆಯ ಬಳ್ಳಿಗಳನ್ನು ತಳಿ ಪ್ರಕಾರ ಸಾಲು ಹಚ್ಚಿಲ್ಲ. ತುರಿಗಾ ನಾಸಿಯೊನಾಲ್, ತುರಿಗಾ ಫ್ರಾಂಕಾ, ತಿಂತಾ ರೊರಿಜ್, ಇನ್ನೂ ಹೆಸರು ಗೊತ್ತಿರುವವು, ಗೊತ್ತಿಲ್ಲದವು ಎಲ್ಲ ಬೆರೆತು ನಿಂತಿವೆ. ಒಂದು ಬಳ್ಳಿ ಪೂರ್ತಿ ಮಾಗಿರುತ್ತದೆ, ಪಕ್ಕದ್ದು ಇನ್ನೂ ಸ್ವಲ್ಪ ಹುಳಿ. ಎಲ್ಲವನ್ನೂ ಒಟ್ಟಿಗೇ ಕೊಯ್ಯುತ್ತಾರೆ. ಎತ್ತರದಲ್ಲಿ, ಉತ್ತರಕ್ಕೆ ಮುಖ ಮಾಡಿರುವ ಒಡ್ಡು ಇದು. ಬಿಸಿಲು ಕಡಿಮೆ, ತಡವಾಗಿ ಮಾಗುತ್ತದೆ. ಅದಕ್ಕೇ ಇದು ಕೊನೆಯ ದಿನದ ಕಟಾವು. ಬೀಗರಿಗೆ ಎಲ್ಲಕ್ಕಿಂತ ಪ್ರೀತಿ ಈ ಹಣ್ಣಿನ ಮೇಲೆ.

ಬೆಳಕು ಹರಿಯುವ ಮೊದಲೇ ಕೊಯ್ಲು ಶುರುವಾಯಿತು. ಸಣ್ಣ ಹಣ್ಣು, ದಪ್ಪ ಸಿಪ್ಪೆ. ಒಂದನ್ನು ಬಾಯಿಗೆ ಹಾಕಿಕೊಂಡೆ. ಸಿಹಿಯ ಹಿಂದೆಯೇ ಸಿಪ್ಪೆಯ ಒಗರು ಬಂತು, ಹಲ್ಲಿಗೆ ಬೀಜ ಸಿಕ್ಕಿತು. ಬೀಜ ಕಚ್ಚಿದರೆ ಹಸಿ ಅಡಿಕೆಗಿಂತ ಕಹಿ. ನಮ್ಮ ಹಣ್ಣಿನಲ್ಲಿ ಬೀಜವೇ ಇಲ್ಲ, ಹಾಗಾಗಿ ದ್ರಾಕ್ಷಿಯ ಬೀಜದ ಬಗ್ಗೆ ನಾನು ಎಂದೂ ಯೋಚಿಸಿದವಳಲ್ಲ. ಆ ರಾತ್ರಿ ಮಾತ್ರ ಎಲ್ಲರ ಯೋಚನೆಯೂ ಬೀಜದ ಸುತ್ತಲೇ ಇತ್ತು.

ಹಣ್ಣನ್ನು ಇಪ್ಪತ್ತು ಕೆಜಿ ಹಿಡಿಯುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಹೊರುತ್ತಾರೆ. ಹಿಂದೆ ದೊಡ್ಡ ಬುಟ್ಟಿಯನ್ನು ಬೆನ್ನಿಗೆ ಹಾಕಿಕೊಂಡು ಗಂಡಸರು ಒಡ್ಡು ಇಳಿಯುತ್ತಿದ್ದರಂತೆ. ಕ್ರೇಟ್ ಆಳ ಇಲ್ಲದಿರುವುದಕ್ಕೆ ಕಾರಣ ಇದೆ. ಆಳ ಜಾಸ್ತಿಯಾದರೆ ಕೆಳಗಿನ ಹಣ್ಣು ಜಜ್ಜಿ, ರಸ ಸೋರಿ, ಬಿಸಿಲಿಗೆ ಹುಳಿ ಹಿಡಿಯುತ್ತದೆ. ನಮ್ಮ ಕಡೆಯೂ ಇದೇ ಮಾತು. ಸಂಜೆಯ ಹೊತ್ತಿಗೆ ಸುಮಾರು ಮೂರು ಟನ್ ಹಣ್ಣು ಲಗಾರಿಗೆ ಬಿತ್ತು.

ಲಗಾರ್ ಅಂದರೆ ಗ್ರಾನೈಟ್ ಕಲ್ಲಿನ ಆಳವಿಲ್ಲದ ತೊಟ್ಟಿ. ಬೀಗರದ್ದು ಒಂಬತ್ತು ಅಡಿ ಉದ್ದ, ಎಂಟು ಅಡಿ ಅಗಲ. ಗೋಡೆ ಮೂರಡಿಗೆ ಸ್ವಲ್ಪ ಕಡಿಮೆ. ತಳ ಒಂದು ಕಡೆಗೆ ಚೂರು ಇಳಿಜಾರು, ಅಲ್ಲೊಂದು ತೂತು, ತೂತಿಗೆ ಬಿರಡೆ. ಗೊನೆಗಳನ್ನು ತೊಟ್ಟಿನ ಸಮೇತ ಸುರಿದರು. ತೊಟ್ಟು ಬಲಿತು ಕಂದು ಬಣ್ಣಕ್ಕೆ ತಿರುಗಿದ್ದರೆ ತೊಂದರೆ ಇಲ್ಲ. ಹಸಿರಾಗಿದ್ದರೆ ರಸಕ್ಕೆ ಸೊಪ್ಪಿನ ವಾಸನೆ ಬರುತ್ತದಂತೆ. ಬೀಗತಿ ಹಸಿರು ತೊಟ್ಟಿನ ಗೊನೆಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದರು. ಸುರಿಯುವಾಗಲೇ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ಸ್ವಲ್ಪ ನೀರಿಗೆ ಕಲಸಿ ಪದರ ಪದರವಾಗಿ ಚಿಮುಕಿಸಿದರು. ಬೇಡದ ಬ್ಯಾಕ್ಟೀರಿಯಾ ಏಳಬಾರದು ಅಂತ.

ಆಮೇಲೆ ಬೀಗರು ಒಂದು ಚೊಂಬು ರಸ ತೆಗೆದು, ಗಾಜಿನ ಕೊಳವೆಗೆ ಹಾಕಿ, ತೇಲುವ ಮಾಪಕ ಬಿಟ್ಟರು. ನಾವು ಸಕ್ಕರೆಯನ್ನು ಬ್ರಿಕ್ಸ್‌ನಲ್ಲಿ ಅಳೆಯುತ್ತೇವೆ, ಅವರದ್ದು ಬೋಮೆ. ಆ ಸಂಜೆ ಹದಿಮೂರೂವರೆ ಬೋಮೆ ಬಂತು. ನಮ್ಮ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಬ್ರಿಕ್ಸ್ ಆಸುಪಾಸು. ಒಣದ್ರಾಕ್ಷಿಗೂ ಸೊಗಸಾದ ಹಣ್ಣು ಅಂದೆ. ಮಗಳು ಅದನ್ನು ಅವರ ಭಾಷೆಯಲ್ಲಿ ಹೇಳಿದಾಗ ಬೀಗರು ನಗುತ್ತಾ ಎರಡೂ ಕೈಯಿಂದ ತೊಟ್ಟಿ ಮುಚ್ಚುವವರಂತೆ ಮಾಡಿದರು.

ಈಗ ಕಾಲೇ ಯಾಕೆ ಅನ್ನುವ ಪ್ರಶ್ನೆ. ಯಂತ್ರಗಳಿಲ್ಲವೇ? ಇವೆ. 1960ರ ದಶಕದಿಂದ ಈ ಕಣಿವೆಯ ಜನ ಕೆಲಸ ಹುಡುಕಿ ಬೇರೆ ದೇಶಗಳಿಗೆ ಹೋದರು, ತುಳಿಯುವ ಕಾಲುಗಳು ಕಡಿಮೆಯಾದವು. ಆಗ ಯಂತ್ರದ ತೊಟ್ಟಿಗಳು ಬಂದವು. 1990ರ ದಶಕದ ಕೊನೆಯ ಹೊತ್ತಿಗೆ ಕಾಲಿನಂತೆಯೇ ತುಳಿಯುವ ರೋಬೋಟ್ ಲಗಾರ್‌ಗಳೂ ಬಂದವು. ಅವನ್ನು ಮಾಡಿದವರೂ ಕಾಲನ್ನೇ ಅನುಕರಿಸಿದರು, ಅದು ಗಮನಿಸಬೇಕಾದ ಸಂಗತಿ.

ಕಾರಣ ಹೀಗಿದೆ. ಸಾಮಾನ್ಯ ಕೆಂಪು ವೈನಿನಲ್ಲಿ ರಸ ಸಿಪ್ಪೆಯ ಜೊತೆ ವಾರಗಟ್ಟಲೆ ಇರಬಹುದು. ನಿಧಾನವಾಗಿ ಬಣ್ಣ, ಒಗರು, ಪರಿಮಳ ಎಲ್ಲ ಇಳಿಯುತ್ತವೆ. ಪೋರ್ಟ್‌ಗೆ ಆ ಸಮಯವಿಲ್ಲ. ಹುದುಗು ಏಳುತ್ತಾ ಸಕ್ಕರೆ ಅರ್ಧದಷ್ಟು ಕರಗಿದ ಕೂಡಲೇ ಅದಕ್ಕೆ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಹುದುಗನ್ನು ನಿಲ್ಲಿಸಿಬಿಡುತ್ತಾರೆ. ಉಳಿದ ಸಕ್ಕರೆಯೇ ಪೋರ್ಟಿನ ಸಿಹಿ. ಅಂದರೆ ಸಿಪ್ಪೆಯೊಳಗಿನ ಎಲ್ಲವನ್ನೂ ಎರಡು ಮೂರು ದಿನದಲ್ಲಿ ಹೊರಗೆ ತರಬೇಕು. ಜೋರಾಗಿ ಅರೆದರೆ ಬೇಗ ಬರುತ್ತದೆ, ಆದರೆ ಬೀಜವೂ ಒಡೆಯುತ್ತದೆ. ಬೀಜದ ಕಹಿ ರಸಕ್ಕೆ ಇಳಿದರೆ ಮತ್ತೆ ತೆಗೆಯುವ ದಾರಿಯೇ ಇಲ್ಲ. ಅಂಗಾಲು ಮೆತ್ತಗಿರುತ್ತದೆ. ಮೈಭಾರ ಬಿದ್ದಾಗ ಹಣ್ಣು ಒಡೆಯುತ್ತದೆ, ಸಿಪ್ಪೆ ಕಲ್ಲಿಗೆ ಉಜ್ಜಿ ಹರಿಯುತ್ತದೆ, ಬೀಜ ಮಾತ್ರ ಅಂಗಾಲಿನ ಮಾಂಸದಲ್ಲಿ ಹುದುಗಿ ಇಡಿಯಾಗಿ ಉಳಿಯುತ್ತದೆ. ಜೊತೆಗೆ ಮೈಯ ಬಿಸಿ. ಅಕ್ಟೋಬರ್ ರಾತ್ರಿ ಆ ಗುಡ್ಡದಲ್ಲಿ ಚಳಿ, ಕಲ್ಲು ತಣ್ಣಗಿರುತ್ತದೆ. ಎಂಟು ಜನರ ಕಾಲಿನ ಶಾಖ ಸಿಕ್ಕಿದರೆ ಹುದುಗು ಬೇಗ ಏಳುತ್ತದೆ.

ಊಟ ಬೇಗ ಮುಗಿಸಿದೆವು. ಮಗಳು ತನ್ನ ಚಡ್ಡಿ ಕೊಡಲು ಬಂದಳು. ನಾನು ಹಳೆಯ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಮೊಣಕಾಲಿನ ಮೇಲೆ ಎತ್ತಿ ಕಟ್ಟಿದೆ. ನನ್ನ ಅತ್ತೆ ಹೊಲದಲ್ಲಿ ಕಟ್ಟುತ್ತಿದ್ದದ್ದು ಹಾಗೇ, ಕೆಲಸಕ್ಕೆ ಅದಕ್ಕಿಂತ ಸರಿಯಾದ ಉಡುಪು ನನಗೆ ಗೊತ್ತಿಲ್ಲ. ಬಾಗಿಲಲ್ಲಿ ನೀರಿನ ಪೈಪ್ ಹಿಡಿದು ಅಳಿಯನ ತಮ್ಮ ಎಲ್ಲರ ಕಾಲು ತೊಳೆಸಿದ. ಸೋಪು ಹಚ್ಚಬಾರದು, ಅದರ ವಾಸನೆ ರಸಕ್ಕೆ ಬೇಡ. ಬರಿ ನೀರು, ಬ್ರಶ್, ಉಗುರು ಸಂದಿಯವರೆಗೆ.

ಮೊದಲ ಹೆಜ್ಜೆ ಇಟ್ಟಾಗ ಗೊನೆಗಳು ತೊಡೆಯವರೆಗೆ ಬಂದವು. ಕೆಳಗೆ ತಣ್ಣಗೆ, ತೊಟ್ಟುಗಳು ಅಂಗಾಲಿಗೆ ಚುಚ್ಚುತ್ತವೆ. ಕಾಲು ಒಳಗೆ ಹೋಗುವುದೇ ಇಲ್ಲ, ಹಣ್ಣಿನ ಮೇಲೆ ನಿಂತಂತೆ ಆಗುತ್ತದೆ. ನಾಲ್ಕು ನಾಲ್ಕು ಜನರ ಎರಡು ಸಾಲು. ಈ ಕಡೆ ಬೀಗರು, ಬೀಗತಿ, ಮಗಳು, ನಾನು. ಎದುರು ಸಾಲಿನಲ್ಲಿ ಅಳಿಯ, ಅವನ ತಮ್ಮ, ಪಕ್ಕದ ತೋಟದ ಗಂಡ ಹೆಂಡತಿ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ. ಬೀಗರ ತಾಯಿ, ಎಂಬತ್ತು ದಾಟಿದ ಅಜ್ಜಿ, ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಲೆಕ್ಕ ಹೇಳುವವರು ಅವರೇ. "ಉಂ, ದೋಯ್ಶ್." ಒಂದು, ಎರಡು. ಎಡ, ಬಲ.

ಈ ಹಂತಕ್ಕೆ ಕೊರ್ತ್ ಅಂತಾರೆ. ಅಜ್ಜಿ "ಉಂ" ಅಂದಾಗ ಎಂಟೂ ಎಡಗಾಲು ಮೇಲೇಳಬೇಕು, ಇಳಿದು ತಳದ ಕಲ್ಲು ಮುಟ್ಟಬೇಕು, ಪೂರ್ತಿ ಭಾರ ಬೀಳಬೇಕು. ಆಮೇಲೆಯೇ "ದೋಯ್ಶ್". ಎರಡರ ನಡುವೆ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಸಾಲು ಅಂಗೈ ಅಗಲ ಅಂಗೈ ಅಗಲವಾಗಿ ಮುಂದೆ ಸರಿಯುತ್ತದೆ. ಎರಡು ಸಾಲೂ ನಡುವೆ ಸೇರಿ, ಮತ್ತೆ ಹಿಂದೆ ಹಿಂದೆ ಗೋಡೆಯವರೆಗೆ. ಹೀಗೆ ಮಾಡಿದರೆ ತಳದ ಒಂದು ಅಂಗುಲವೂ ಕಾಲು ತಪ್ಪಿಸಿಕೊಳ್ಳುವುದಿಲ್ಲ. ಒಬ್ಬೊಬ್ಬರೇ ಇಷ್ಟ ಬಂದಂತೆ ತುಳಿದರೆ ಹಣ್ಣು ಕಾಲ ಪಕ್ಕಕ್ಕೆ ಸರಿದುಬಿಡುತ್ತದೆ. ಸಾಲು ಕಟ್ಟಿದಾಗ ಸರಿಯಲು ಜಾಗ ಇರುವುದಿಲ್ಲ.

"ಅವ್ವಾ, ಕಾಲು ಝಾಡಿಸಬ್ಯಾಡ. ಕಲ್ಲು ಮುಟ್ಟೂತನಕ ಒತ್ತು, ಆಮ್ಯಾಗ ಎತ್ತು" ಅಂತ ಮಗಳು ಕಿವಿಯಲ್ಲಿ ಹೇಳುತ್ತಿದ್ದಳು. ಎದುರು ಸಾಲಿನ ಹುಡುಗ ಉತ್ಸಾಹದಲ್ಲಿ ಬೇಗ ಬೇಗ ತುಳಿಯತೊಡಗಿದ. ರಸ ಚಿಮ್ಮಿತು, ನೋಡಲು ಕೆಲಸ ಜೋರಾಗಿ ನಡೆದಂತೆ ಕಂಡಿತು. ಅಜ್ಜಿ ಕೋಲಿನಿಂದ ಗೋಡೆ ತಟ್ಟಿದರು. ರಸ ಚಿಮ್ಮುವುದು ಮೇಲಿನ ಹಣ್ಣಿನದ್ದು, ತಳದ ಹಣ್ಣು ಹಾಗೇ ಉಳಿಯುತ್ತದೆ ಅಂದರು. ಮತ್ತೆ ನಿಧಾನ.

ಮೊದಲ ಅರ್ಧ ಗಂಟೆ ತುಂಬಾ ಕಷ್ಟ. ತೊಡೆ ನಡುಗುತ್ತದೆ, ಪ್ರತಿ ಸಲ ಕಾಲು ಕಿತ್ತು ತೆಗೆಯಬೇಕು. ಆಮೇಲೆ ರಸ ಬಿಟ್ಟುಕೊಂಡ ಹಾಗೆಲ್ಲ ಕಾಲು ಸಲೀಸಾಗಿ ಇಳಿಯುತ್ತದೆ. ಅಂಗಾಲಿಗೇ ಎಲ್ಲ ಗೊತ್ತಾಗತೊಡಗುತ್ತದೆ. ಇಡೀ ಹಣ್ಣು ಗುಂಡಗೆ ಉರುಳಿ ಟಪ್ ಅಂತ ಒಡೆಯುತ್ತದೆ. ಒಡೆದ ಸಿಪ್ಪೆ ಜಾರುತ್ತದೆ. ಬೀಜ ಮರಳಿನಂತೆ ಸಿಗುತ್ತದೆ. ತೊಟ್ಟು ಚುಚ್ಚುತ್ತದೆ. ಒಂದು ಗಂಟೆ ಆಗುವಷ್ಟರಲ್ಲಿ ನನಗೆ ಕತ್ತಲಲ್ಲೂ ಇವುಗಳನ್ನು ಬೇರೆ ಮಾಡಿ ಹೇಳಲು ಆಗುತ್ತಿತ್ತು. ತೊಡೆಯವರೆಗೆ ಇದ್ದದ್ದು ಮೊಣಕಾಲಿಗೆ ಇಳಿದಿತ್ತು. ಗೊನೆಗಳ ನಡುವಿನ ಗಾಳಿಯೆಲ್ಲ ಹೋಗಿ, ಮೂರು ಟನ್ ಹಣ್ಣು ಒಂದೇ ಗಟ್ಟಿ ರಾಶಿಯಾಗಿತ್ತು. ಬಣ್ಣವೂ ತಿರುಗಿತ್ತು. ಶುರುವಿನಲ್ಲಿ ತಿಳಿ ಗುಲಾಬಿ. ಬಹುಪಾಲು ಕೆಂಪು ದ್ರಾಕ್ಷಿಯ ತಿರುಳಿಗೆ ಬಣ್ಣ ಇರುವುದಿಲ್ಲ, ಎಲ್ಲ ಸಿಪ್ಪೆಯಲ್ಲೇ. ಈಗ ಕಾಲಿಗೆ ಹತ್ತಿದ ನೊರೆ ನೇರಳೆ.

ಎರಡು ಗಂಟೆಯಾಗುತ್ತಾ ಬಂದಾಗ ನಿಲ್ಲಿಸಬಹುದು ಅಂತ ಎಲ್ಲರಿಗೂ ಅನಿಸಿತು. ಬೀಗರು ಮಾತ್ರ ಬಿರಡೆಯ ಎದುರು ಮೂಲೆಗೆ ಹೋಗಿ, ಬಗ್ಗಿ, ತೋಳು ಮುಳುಗಿಸಿ ತಳದಿಂದ ಒಂದು ಹಿಡಿ ಎತ್ತಿದರು. ಲೈಟಿನ ಕೆಳಗೆ ಅಂಗೈ ಬಿಡಿಸಿ ತೋರಿಸಿದರು. ಹತ್ತು ಹನ್ನೆರಡು ಹಣ್ಣು ಹಾಗೇ ಇಡಿಯಾಗಿದ್ದವು. ನಡುವಿನಿಂದ ತೆಗೆದ ಹಿಡಿಯಲ್ಲಿ ಒಂದೆರಡು ಅಷ್ಟೇ. ಮೂಲೆಗಳಲ್ಲಿ ಯಾವಾಗಲೂ ಹೀಗೇ. ಗೋಡೆಗೆ ಮೈ ತಾಗುವುದರಿಂದ ಕಾಲು ಪೂರ್ತಿ ಮೂಲೆಗೆ ಹೋಗುವುದಿಲ್ಲ. ಬಿಟ್ಟರೆ ಏನಾಗುತ್ತದೆ ಅಂತ ಕೇಳಿದೆ. ಇಡಿ ಹಣ್ಣಿನೊಳಗಿನ ಸಕ್ಕರೆ ಹುದುಗಿಗೆ ಸಿಗುವುದಿಲ್ಲ. ಕೊನೆಗೆ ಸಿಪ್ಪೆ ಹಿಂಡುವಾಗ ಅದು ಒಡೆದು, ಸಿಹಿ ರಸ ತಡವಾಗಿ ಸೇರುತ್ತದೆ. ಬೋಮೆ ನೋಡಿ ಹಾಕಿದ ಲೆಕ್ಕವೆಲ್ಲ ಆಗ ತಪ್ಪುತ್ತದೆ. ಆ ಸಿಪ್ಪೆಯ ಬಣ್ಣವಂತೂ ಸುಮ್ನೆ ಹಾಳು. ಹಾಗಾಗಿ ಇಬ್ಬಿಬ್ಬರು ಒಂದೊಂದು ಮೂಲೆಗೆ ನಿಂತು, ಗೋಡೆ ಹಿಡಿದು, ಹಿಮ್ಮಡಿಯಿಂದ ಒತ್ತಿದೆವು. ಮತ್ತೆ ಅರ್ಧ ಗಂಟೆ. ನನ್ನ ಪಾಲಿಗೆ ಬಂದ ಮೂಲೆಯ ಹಿಡಿಯಲ್ಲಿ ಒಂದೂ ಇಡಿ ಹಣ್ಣು ಸಿಗಲಿಲ್ಲ ಅಂತ ಬೀಗರು ತೋರಿಸಿದಾಗ ಆದ ಖುಷಿ ದೊಡ್ಡದು.

ಆಮೇಲೆ ಅಜ್ಜಿ ಕೋಲು ಕೆಳಗಿಟ್ಟು ಒಂದೇ ಮಾತು ಕೂಗಿದರು. "ಲಿಬರ್ದಾದ್!" ಸ್ವಾತಂತ್ರ್ಯ ಅಂತ. ಸಾಲು ಮುರಿಯಿತು. ಪಕ್ಕದ ತೋಟದವರು ಹೊರಗೆ ಹತ್ತಿ ಕೈ ತೊಳೆದು ಅಕಾರ್ಡಿಯನ್ ಎತ್ತಿಕೊಂಡರು. ಇದು ಎಲ್ಲರೂ ಚಿತ್ರದಲ್ಲಿ ನೋಡುವ ಭಾಗ. ಕೈ ಹಿಡಿದು ಸುತ್ತಿದೆವು, ಮಗಳು ಗಂಡನ ಜೊತೆ ಕುಣಿದಳು. ನಾನು ಬೀಗತಿಯ ಕೈ ಹಿಡಿದು ಪುಗಡಿ ಆಡಿಸಿದೆ, ಜಾರುವ ತಳದಲ್ಲಿ ನಿಧಾನವಾಗಿ. ಕುಣಿತಕ್ಕೂ ಕೆಲಸ ಇದೆ. ಸಾಲು ಕಟ್ಟಿ ತುಳಿದಾಗ ಹಣ್ಣು ಒಡೆಯುತ್ತದೆ, ಸುತ್ತಾಡಿ ಕುಣಿದಾಗ ಸಿಪ್ಪೆ ರಸ ಚೆನ್ನಾಗಿ ಕಲಸಿಕೊಳ್ಳುತ್ತವೆ. ಗಾಳಿಯೂ ಒಳಗೆ ಸೇರುತ್ತದೆ. ಹುದುಗು ಏಳಲು ಶುರುವಿನಲ್ಲಿ ಸ್ವಲ್ಪ ಗಾಳಿ ಬೇಕು.

ಮುಗಿದಾಗ ನಡುರಾತ್ರಿ. ಕಾಲು ಮೊಣಕಾಲಿನವರೆಗೆ ನೇರಳೆ. ಅಭ್ಯಾಸಬಲದಿಂದ ಸೋಪಿಗೆ ಕೈ ಹಾಕುತ್ತಿದ್ದ ನನ್ನನ್ನು ಬೀಗತಿ ತಡೆದು ಅರ್ಧ ನಿಂಬೆಹಣ್ಣು ಕೊಟ್ಟರು. ದ್ರಾಕ್ಷಿ ಬಣ್ಣಕ್ಕೆ ಸೋಪು ತಾಗಿದರೆ ನೀಲಿಗಪ್ಪು ಆಗಿ ಚರ್ಮದಲ್ಲೇ ಕೂರುತ್ತದೆ. ಹುಳಿ ತಾಗಿದರೆ ಕೆಂಪಿಗೆ ತಿರುಗಿ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ, ಆ ಬಣ್ಣದ ಗುಣವೇ ಅದು. ಮಗಳು ತನ್ನ ಒಂದು ಬೆರಳಿಗೆ ಸೋಪು, ಇನ್ನೊಂದಕ್ಕೆ ನಿಂಬೆ ಹಚ್ಚಿ ತೋರಿಸಿದಳು. ಪಕ್ಕ ಪಕ್ಕದ ಬೆರಳು ಒಂದು ನೀಲಿ, ಒಂದು ಕೆಂಪು. ಎಷ್ಟು ತಿಕ್ಕಿದರೂ ಉಗುರಿನ ಬಣ್ಣ ಮಾತ್ರ ಊರಿಗೆ ಬರುವವರೆಗೂ ಇತ್ತು.

ತುಳಿತ ಮುಗಿಯಿತು ಅಂತ ಕೆಲಸ ಮುಗಿಯಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಲಗಾರಿನಿಂದ ಸಣ್ಣಗೆ ಸದ್ದು ಬರಲು ಶುರುವಾಯಿತು, ಸಿಪ್ಪೆಗಳೆಲ್ಲ ಮೇಲೆದ್ದು ದಪ್ಪ ಕೆನೆಯಾದವು. ಅದಕ್ಕೆ ಮಾಂತ ಅಂತಾರೆ. ಅದನ್ನು ಹಾಗೇ ಬಿಟ್ಟರೆ ಮೇಲೆ ಒಣಗಿ ಹುಳಿಯುತ್ತದೆ, ಕೆಳಗಿನ ರಸಕ್ಕೆ ಬಣ್ಣವೂ ಸಿಗುವುದಿಲ್ಲ. ಅದಕ್ಕೇ ಉದ್ದ ಕೋಲಿನ ತುದಿಗೆ ಮರದ ಗೂಟಗಳನ್ನು ಅಡ್ಡಡ್ಡ ಹೊಡೆದ ಮಕಾಕು ಅನ್ನುವ ಸಾಧನ ಹಿಡಿದು, ಗೋಡೆ ಮೇಲೆ ನಿಂತು, ಮಾಂತವನ್ನು ಮತ್ತೆ ಮತ್ತೆ ಒಳಗೆ ಅದ್ದುತ್ತಾರೆ. ಹಗಲೂ ರಾತ್ರಿಯೂ, ಪಾಳಿ ಹಾಕಿಕೊಂಡು.

ಈ ಹಂತದಲ್ಲಿ ಒಂದು ಅಪಾಯ ಇದೆ. ಹುದುಗು ಎದ್ದಾಗ ಬರುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ. ತೊಟ್ಟಿಯ ಮೇಲೆ, ನೆಲದ ಹತ್ತಿರ ಕೂರುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಗ್ಗಿ ಕೆಲಸ ಮಾಡುವವರು ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ಎತ್ತಲು ಹೋದವರೂ ಬೀಳುತ್ತಾರೆ. ಬೀಗರ ಮನೆಯಲ್ಲಿ ಎರಡೂ ಬಾಗಿಲು ತೆರೆದೇ ಇರಬೇಕು, ಒಬ್ಬರೇ ಹೋಗಬಾರದು. ನಮ್ಮ ಕಡೆ ಹಳೆಯ ಬಾವಿ, ಹಗೇವುಗಳಿಗೆ ಇಳಿಯುವಾಗ ದೀಪ ಇಳಿಸಿ ನೋಡುತ್ತಾರಲ್ಲ, ಅಲ್ಲೂ ಹಿಂದೆ ಮೇಣದ ಬತ್ತಿ ಹಿಡಿದೇ ಒಳಗೆ ಹೋಗುತ್ತಿದ್ದರಂತೆ.

ಬೀಗರು ಪ್ರತಿ ಎರಡು ಮೂರು ಗಂಟೆಗೊಮ್ಮೆ ಬೋಮೆ ನೋಡುತ್ತಿದ್ದರು. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಮೊದಲು ಅಂಕಿ ಕದಲಲೇ ಇಲ್ಲ. ಆಮೇಲೆ ಹನ್ನೆರಡು. ಮರುದಿನ ಬೆಳಿಗ್ಗೆ ಹತ್ತೂವರೆ. ರಸ ಬಿಸಿಯಾದಂತೆ ಇಳಿತವೂ ಜೋರಾಗುತ್ತದೆ. ಮೂವತ್ತು ಡಿಗ್ರಿ ದಾಟಲು ಬಿಡಬಾರದು. ದಾಟಿದರೆ ಪರಿಮಳ ಹಾರಿಹೋಗುತ್ತದೆ, ಇನ್ನೂ ಏರಿದರೆ ಹುದುಗೇ ಸಾಯಬಹುದು. ಲಗಾರ್ ಅಗಲವಾಗಿ, ಆಳವಿಲ್ಲದೆ ಇರುವುದು ಇದಕ್ಕೂ ಒಳ್ಳೆಯದು, ಬಿಸಿ ತಾನಾಗಿ ಹೊರಗೆ ಹೋಗುತ್ತದೆ.

ಅವರಿಗೆ ಬೇಕಾಗಿದ್ದದ್ದು ಆರೂವರೆ ಬೋಮೆ. ಆದರೆ ಏಳೂವರೆ ಇದ್ದಾಗಲೇ ಎಲ್ಲರನ್ನೂ ಎಬ್ಬಿಸಿದರು. ರಸ ಪೂರ್ತಿ ಇಳಿಯುವುದಕ್ಕೆ ಒಂದೆರಡು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಹುದುಗು ಸುಮ್ಮನೆ ಕೂರುವುದಿಲ್ಲ. ನಾವು ದ್ರಾಕ್ಷಿಯನ್ನು ಅದ್ದುವ ನೀರಿನಿಂದ ಎತ್ತುವುದಕ್ಕೂ ಹೀಗೇ ನಿಮಿಷದ ಲೆಕ್ಕ ಇಡುತ್ತೇವೆ, ಹಾಗಾಗಿ ಅವರ ಅವಸರ ನನಗೆ ಅರ್ಥವಾಯಿತು.

ಸ್ಪಿರಿಟ್ಟಿಗೆ ಅಲ್ಲಿ ಅಗ್ವಾರ್ದೆಂತ್ ಅಂತಾರೆ. ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ್ದು, ನೂರಕ್ಕೆ 77 ಆಲ್ಕೋಹಾಲ್. ಯಾವುದೋ ಸ್ಪಿರಿಟ್ ತಂದು ಸುರಿಯುವಂತಿಲ್ಲ. ದೋರು ಮತ್ತು ಪೋರ್ಟೊ ವೈನ್‌ಗಳ ಸರ್ಕಾರಿ ಸಂಸ್ಥೆ ಒಪ್ಪಿದ್ದೇ ಆಗಬೇಕು. ಎಷ್ಟು ಪೋರ್ಟ್ ಮಾಡಬಹುದು ಅನ್ನುವುದಕ್ಕೂ ಮಿತಿ ಇದೆ. ಪ್ರತಿ ತೋಟಕ್ಕೂ ಎತ್ತರ, ಇಳಿಜಾರು, ಮಣ್ಣು, ಬಳ್ಳಿಯ ವಯಸ್ಸು ನೋಡಿ ದರ್ಜೆ ಕೊಟ್ಟಿರುತ್ತಾರೆ. ಆ ದರ್ಜೆಯ ಪ್ರಕಾರ ವರ್ಷ ವರ್ಷ ಇಷ್ಟು ಲೀಟರ್ ಅಂತ ಅನುಮತಿ ಬರುತ್ತದೆ. ಬೀಗರಿಗೆ ಬಂದಿದ್ದು ಐದು ಪೀಪಾಯಿಗೆ. ಒಂದು ಪೀಪಾಯಿ ಅಂದರೆ 550 ಲೀಟರ್. ಉಳಿದ ಒಡ್ಡುಗಳ ಹಣ್ಣೆಲ್ಲ ಮೊದಲೇ ಸಾದಾ ವೈನ್‌ಗೆ ಹೋಗಿತ್ತು.

ಲೆಕ್ಕ ಸರಳ. ಮೂರು ಟನ್ ಹಣ್ಣಿಗೆ ಸುಮಾರು 2,200 ಲೀಟರ್ ರಸ. ನಾಲ್ಕು ಪಾಲು ರಸಕ್ಕೆ ಒಂದು ಪಾಲು ಸ್ಪಿರಿಟ್, ಅಂದರೆ 550 ಲೀಟರ್. ಸೇರಿ ಐದು ಪೀಪಾಯಿ. ಬಿರಡೆ ತೆಗೆದಾಗ ರಸ ಕೆಳಗಿನ ತೊಟ್ಟಿಗೆ ಧುಮುಕಿತು, ಅಳಿಯ ಅದೇ ಹೊತ್ತಿಗೆ ಸ್ಪಿರಿಟ್ಟಿನ ನಲ್ಲಿ ಬಿಟ್ಟ. ಎರಡೂ ಜೊತೆಯಲ್ಲೇ ಬೀಳಬೇಕು. ಗುಳುಗುಳು ಅನ್ನುತ್ತಿದ್ದ ರಸ ಸ್ಪಿರಿಟ್ ಸೇರಿದ ಕಡೆ ಸದ್ದು ನಿಲ್ಲಿಸುತ್ತಾ ಹೋಯಿತು. ಲಗಾರಿನಲ್ಲಿ ಉಳಿದ ಸಿಪ್ಪೆಯನ್ನು ಸಲಿಕೆಯಿಂದ ಗಾಣದಂಥ ಪ್ರೆಸ್ಸಿಗೆ ಹಾಕಿ ಹಿಂಡಿ, ಆ ರಸವನ್ನೂ ಸೇರಿಸಿದರು. ಬಣ್ಣ ಹೆಚ್ಚಿರುವುದು ಅದರಲ್ಲೇ. ಹಿಂಡುವಾಗ ಬೀಗರು ಪ್ರತಿ ಸುತ್ತಿಗೂ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ನೋಡುತ್ತಿದ್ದರು. ಕಹಿ ಬಂತು ಅನಿಸಿದ ಕೂಡಲೇ ಕೈ ಎತ್ತಿದರು. ಪ್ರೆಸ್ಸಿನಲ್ಲಿ ಇನ್ನೂ ರಸ ಇತ್ತು, ಬಿಟ್ಟುಬಿಟ್ಟರು.

ಕೊನೆಯದು ಕಲಸುವುದು. ಸ್ಪಿರಿಟ್ ರಸಕ್ಕಿಂತ ಹಗುರ. ಸರಿಯಾಗಿ ಕಲಸದಿದ್ದರೆ ಮೇಲೆ ತೇಲುತ್ತಾ ಉಳಿಯುತ್ತದೆ, ತಳದಲ್ಲಿ ಹುದುಗು ತನ್ನ ಪಾಡಿಗೆ ಸಕ್ಕರೆ ತಿನ್ನುತ್ತಲೇ ಇರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಸಿಹಿ ಹೋಗಿರುತ್ತದೆ. ಪಂಪ್ ಹಚ್ಚಿ ತಳದ ರಸವನ್ನು ಮೇಲಕ್ಕೆ ಎತ್ತಿ ಎತ್ತಿ ಸುರಿದರು. ಬೆಳಿಗ್ಗೆ ಬೀಗರು ತೊಟ್ಟಿಯ ಮೇಲಿನಿಂದ ಒಂದು ಗ್ಲಾಸ್, ಕೆಳಗಿನ ನಲ್ಲಿಯಿಂದ ಒಂದು ಗ್ಲಾಸ್ ತೆಗೆದರು. ಎರಡಕ್ಕೂ ಮಾಪಕ ಬಿಟ್ಟರು. ಒಂದೇ ಅಂಕಿ. ಕೆಳಗಿನ ಗ್ಲಾಸಿನಲ್ಲಿ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ.

ಐದರಲ್ಲಿ ನಾಲ್ಕು ಪೀಪಾಯಿ ವಸಂತದಲ್ಲಿ ವ್ಯಾಪಾರದ ಕಂಪನಿಗೆ ಹೋಗುತ್ತವೆ. ಒಂದನ್ನು ಮನೆಗೆ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಆದರೂ ಬೀಗರು ಆ ಪೀಪಾಯಿಯ ಮೇಲೆ ಇಸವಿಯ ಕೆಳಗೆ ತುಳಿದ ಎಂಟು ಜನರ ಹೆಸರನ್ನೂ ಸೀಮೆಸುಣ್ಣದಲ್ಲಿ ಬರೆದರು. ನನ್ನ ಹೆಸರನ್ನು ಕನ್ನಡದಲ್ಲೇ ಬರೆಯಲಿ ಅಂತ ಸೀಮೆಸುಣ್ಣವನ್ನು ನನ್ನ ಕೈಗೇ ಕೊಟ್ಟರು. ಆ ಸಂಜೆ ಯಜಮಾನರಿಗೆ ಫೋನ್ ಹಚ್ಚಿ ಇದನ್ನೆಲ್ಲ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ಬಳ್ಳಿಗೆ ಒಂದೂವರೆ ಕೆಜಿ ಅಂದ್ರ ಅವರಿಗೆ ಹ್ಯಾಂಗ ಪರವಡಸ್ತದ?" ಅಂದರು. ಮೂರು ಟನ್ನಿನ ಲೆಕ್ಕವನ್ನು ಮೊದಲಿಂದ ಮತ್ತೆ ಬಿಡಿಸಿ ಹೇಳಬೇಕಾಯಿತು.